ಮೀನು, ಹಾಲು ಮತ್ತು ಒಂದು ಉಪಮೆ

ಮೀನು ತಿಂದು ಹಾಲು ಕುಡಿದರೆ ವಿಷವಾಗುತ್ತದೆಂಬ ಮಾತನ್ನು ನಾನು ಮೊದಲು ಕೇಳಿದ್ದು ಮೀನನ್ನು ಎಂದೂ ತಿನ್ನದ ಜನರ ಬಾಯಿಂದ. ನನ್ನ ಊರು ಗದಗ ತಾಲ್ಲೂಕಿನ ಹರ್ತಿ. ಎರೆಯ ಹೊಲ, ಜೋಳದ ರೊಟ್ಟಿ, ಬಸವಣ್ಣನ ಗುಡಿ ಇವುಗಳಿಂದ ಗುರುತಿಸಿಕೊಳ್ಳುವ ಊರು ಅದು. ಹೊಳೆಯನ್ನು ನೋಡಬೇಕಾದರೆ ನಾವು ಮುಂಡರಗಿಯ ಕಡೆಗೋ ಶಿರಹಟ್ಟಿಯ ಕಡೆಗೋ ಹೋಗಿ ತುಂಗಭದ್ರೆಯ ದಂಡೆಯಲ್ಲಿ ನಿಲ್ಲಬೇಕು. ನಮ್ಮ ಮನೆಯಲ್ಲಿ ಮೀನು ಬೆಂದದ್ದೇ ಇಲ್ಲ. ಆದರೂ ಯಾರಿಗಾದರೂ ಮೈಮೇಲೆ ಬಿಳಿಯ ಮಚ್ಚೆ ಕಾಣಿಸಿಕೊಂಡಿತೆಂದರೆ, "ಎಲ್ಲೋ ಮೀನಾ ತಿಂದು ಹಾಲ ಕುಡದಾನ" ಎಂದು ಕಟ್ಟೆಯ ಮೇಲೆ ಕುಳಿತವರು ತೀರ್ಪು ಕೊಟ್ಟುಬಿಡುತ್ತಿದ್ದರು. ಆಹಾರದ ವಿಷಯದಲ್ಲಿ ಅನುಭವವಿಲ್ಲದವರ ತೀರ್ಪೇ ಹೆಚ್ಚು ಗಟ್ಟಿಯಾಗಿರುತ್ತದೆಯೋ ಏನೋ.

ಈ ಹಳೆಯ ಮಾತು ನನಗೆ ಮತ್ತೆ ನೆನಪಾದದ್ದು ಒಂದು ಪತ್ರದ ಕಾರಣದಿಂದ. ನನ್ನ ಅಕ್ಕನ ಮಗಳು ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆ. ರೋಗಿಗಳಿಗೆ ಏನನ್ನು, ಎಷ್ಟನ್ನು ಉಣಿಸಬೇಕೆಂದು ಗೊತ್ತುಮಾಡುವುದು ಅವಳ ಕೆಲಸ. ಪತ್ರಿಕೆಯೊಂದರಲ್ಲಿ, ಊಟವಾದ ಮೇಲೆ ಕೆಲವರು ಅಸ್ವಸ್ಥರಾದರೆಂಬ ಸುದ್ದಿ ಬಂದಿತ್ತು. ಮೀನಿನ ಊಟದ ಮೇಲೆ ಪಾಯಸ ಉಂಡದ್ದರಿಂದ ಎರಡೂ ಬೆರೆತು ವಿಷವಾಯಿತೆಂದು ಆ ಸುದ್ದಿಯ ಕೊನೆಯ ಸಾಲು ಹೇಳುತ್ತಿತ್ತು. ಯಾವ ವೈದ್ಯರು ಹಾಗೆ ಹೇಳಿದರೆಂಬುದು ಅಲ್ಲಿರಲಿಲ್ಲ. ಅವಳು ಸಂಪಾದಕರಿಗೆ ತಿದ್ದುಪಡಿಯ ಪತ್ರ ಬರೆದು, "ಮಾಮಾ, ಕನ್ನಡ ಒಮ್ಮೆ ನೋಡಿ ಕೊಡ್ರಿ" ಎಂದು ನನ್ನ ಮುಂದಿಟ್ಟಳು. ಪತ್ರ ಪ್ರಕಟವಾಯಿತು. ಆದರೆ ಸ್ಥಳಾಭಾವದಿಂದ ಅದರ ನಡುವಿನ ಭಾಗ ಕತ್ತರಿಸಿಹೋಗಿತ್ತು. ಉಳಿದದ್ದು, ಮೀನೂ ಹಾಲೂ ಕೂಡಿ ವಿಷವಾಗುವುದಿಲ್ಲ ಎಂಬ ನಿಷೇಧವಾಕ್ಯ ಮಾತ್ರ. ಹಾಗಾದರೆ ಆ ಜನ ಅಸ್ವಸ್ಥರಾದದ್ದು ಏತರಿಂದ ಎಂಬ ಪ್ರಶ್ನೆಗೆ ಉತ್ತರವಿದ್ದದ್ದು ಕತ್ತರಿಸಿಹೋದ ಭಾಗದಲ್ಲಿ. ಅದನ್ನೇ ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ. ವಿಜ್ಞಾನದ ಭಾಗ ಅವಳದು. ಶಬ್ದಗಳ ಭಾಗ ನನ್ನದು.

ಅವಳ ಪತ್ರದ ಮೊದಲ ಕರಡು, "ಇದು ಅನಕ್ಷರಸ್ಥರ ಮೂಢನಂಬಿಕೆ" ಎಂದು ಆರಂಭವಾಗಿತ್ತು. ನಾನು ಆ ವಾಕ್ಯದ ಕೆಳಗೆ ಗೆರೆ ಎಳೆದು, "ಅಲ್ಲವ್ವಾ, ಇದು ಅನಕ್ಷರಸ್ಥರದಲ್ಲ, ಅಕ್ಷರಸ್ಥರಲ್ಲಿಯೂ ದೊಡ್ಡ ಅಕ್ಷರಸ್ಥರದು" ಎಂದೆ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ವಿರುದ್ಧಾಹಾರದ ವಿಚಾರ ಬರುತ್ತದೆ. ಮೀನನ್ನು ಹಾಲಿನೊಡನೆ ಸೇವಿಸಬಾರದೆಂದು ಆತ್ರೇಯನು ಅಲ್ಲಿ ಹೇಳುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಆ ಶಾಸ್ತ್ರದ ಚೌಕಟ್ಟಿನಲ್ಲಿ ತರ್ಕಬದ್ಧವಾದದ್ದು. ಎರಡೂ ರಸದಲ್ಲಿ ಮಧುರ. ಜೀರ್ಣವಾದ ಮೇಲಿನ ಪಾಕದಲ್ಲಿಯೂ ಮಧುರ. ಆದರೆ ವೀರ್ಯದಲ್ಲಿ ಹಾಲು ಶೀತ, ಮೀನು ಉಷ್ಣ. ಹೀಗೆ ವೀರ್ಯ ಪರಸ್ಪರ ವಿರುದ್ಧವಾದುದರಿಂದ ರಕ್ತ ಕೆಡುತ್ತದೆ; ಎರಡೂ ಜಡ್ಡಾದ ಪದಾರ್ಥಗಳಾದುದರಿಂದ ದೇಹದ ಸ್ರೋತಸ್ಸುಗಳು, ಎಂದರೆ ಒಳದಾರಿಗಳು, ಕಟ್ಟಿಕೊಳ್ಳುತ್ತವೆ ಎಂಬುದು ಅವನ ವಾದ.

ಇಲ್ಲಿಗೆ ಮುಗಿಯಿತೆಂದು ಭಾವಿಸಬೇಡಿ. ಅದೇ ಸಭೆಯಲ್ಲಿ ಭದ್ರಕಾಪ್ಯನೆಂಬ ಇನ್ನೊಬ್ಬ ಋಷಿ ಎದ್ದು ಭಿನ್ನಮತ ಹೇಳುತ್ತಾನೆ. ಚಿಲಿಚಿಮವೆಂಬ ಒಂದು ಮೀನನ್ನು ಬಿಟ್ಟು ಮಿಕ್ಕೆಲ್ಲ ಮೀನುಗಳನ್ನೂ ಹಾಲಿನೊಡನೆ ತಿನ್ನಬಹುದು ಎಂಬುದು ಅವನ ಮತ. ಆ ಚಿಲಿಚಿಮಕ್ಕೆ ಹುರುಪೆಗಳಿವೆ, ಕೆಂಪು ಕಣ್ಣುಗಳಿವೆ, ಮೈಮೇಲೆ ಕೆಂಪು ಗೆರೆಗಳಿವೆ, ಅದು ಹೆಚ್ಚಾಗಿ ನೆಲದ ಮೇಲೆ ಓಡಾಡುತ್ತದೆ ಎಂದೂ ವರ್ಣನೆಯಿದೆ. ಆತ್ರೇಯನು ಒಪ್ಪುವುದಿಲ್ಲ. ಯಾವ ಮೀನೂ ಬೇಡ, ಚಿಲಿಚಿಮವಂತೂ ಬೇಡವೇ ಬೇಡ ಎಂದು ಅವನು ಮುಗಿಸುತ್ತಾನೆ. ಹೀಗೆ ನಾವು ಪ್ರಶ್ನಾತೀತವೆಂದುಕೊಂಡಿರುವ ನಿಯಮ ಮೂಲಗ್ರಂಥದಲ್ಲಿಯೇ ಚರ್ಚೆಯ ವಿಷಯವಾಗಿತ್ತು. ಅಷ್ಟೇ ಅಲ್ಲ, ಅಧ್ಯಾಯದ ಕೊನೆಯ ಕಡೆಗೆ ಇನ್ನೊಂದು ಮಾತಿದೆ. ತರುಣನಿಗೆ, ಜಠರಾಗ್ನಿ ಚೆನ್ನಾಗಿರುವವನಿಗೆ, ಮೈಮುರಿದು ದುಡಿಯುವವನಿಗೆ, ರೂಢಿಯಾದವನಿಗೆ, ಸ್ವಲ್ಪವೇ ತಿಂದವನಿಗೆ ವಿರುದ್ಧಾಹಾರ ಏನೂ ಮಾಡದು ಎಂಬ ವಿನಾಯಿತಿ ಅದು. ವಿಷಕ್ಕೆ ಇಂಥ ವಿನಾಯಿತಿ ಇರುತ್ತದೆಯೆ? ನಾಗರಹಾವು ಕಚ್ಚುವಾಗ ಗರಡಿಯ ಪೈಲವಾನನೆಂದು ರಿಯಾಯಿತಿ ತೋರಿಸುವುದಿಲ್ಲ. ಆತ್ರೇಯನ ಮನಸ್ಸಿನಲ್ಲಿದ್ದದ್ದು ಪಥ್ಯಾಪಥ್ಯದ ವಿಚಾರವೇ ಹೊರತು, ತಿಂದೊಡನೆ ಕೊಲ್ಲುವ ವಿಷವಲ್ಲ.

ಹಾಗಾದರೆ 'ವಿಷ' ಎಂಬ ಶಬ್ದ ಎಲ್ಲಿಂದ ಬಂತು? ನನಗೆ ತೋರುವಂತೆ ವಾಗ್ಭಟನ ಅಷ್ಟಾಂಗಹೃದಯದ ಒಂದು ಮಾತು ಇದಕ್ಕೆ ದಾರಿ ಮಾಡಿರಬೇಕು. ಆ ಗ್ರಂಥದ ಸೂತ್ರಸ್ಥಾನದ 7ನೆಯ ಅಧ್ಯಾಯಕ್ಕೆ ಅನ್ನರಕ್ಷಾ ಎಂದು ಹೆಸರು. ರಾಜನ ಅನ್ನದಲ್ಲಿ ಶತ್ರುಗಳು ವಿಷವಿಟ್ಟರೆ ಅದನ್ನು ಪತ್ತೆಹಚ್ಚುವ ಬಗೆಯನ್ನು ಹೇಳುವ ಅಧ್ಯಾಯ ಅದು. ವಿರುದ್ಧಾಹಾರದ ವಿಚಾರವನ್ನು ವಾಗ್ಭಟ ಅದೇ ಅಧ್ಯಾಯದಲ್ಲಿ ಸೇರಿಸಿದ್ದಾನೆ. ವಿರುದ್ಧವಾದ ಆಹಾರವನ್ನು ಕೂಡ ವಿಷಕ್ಕೂ ಗರಕ್ಕೂ, ಎಂದರೆ ಮದ್ದೀಡಿಗೂ, ಸಮಾನವೆಂದು ತಿಳಿಯಬೇಕೆನ್ನುತ್ತಾನೆ. ಅವನು ಬಳಸಿದ ಶಬ್ದ 'ಉಪಮ'. ಅಲಂಕಾರಶಾಸ್ತ್ರ ಓದಿದವರಿಗೆ ಇದರ ಅರ್ಥ ಕೂಡಲೆ ಹೊಳೆಯುತ್ತದೆ. ಮುಖ ಚಂದ್ರನಂತೆ ಇದೆ ಎಂದರೆ ಉಪಮೆ. ಮುಖವೇ ಚಂದ್ರ ಎಂದರೆ ರೂಪಕ. ವಿಷದಂತೆ ಎಂದದ್ದು ಬಾಯಿಂದ ಬಾಯಿಗೆ ಹೋಗುತ್ತ 'ವಿಷವೇ' ಆಯಿತು. ರೂಪಕವಾದ ಮೇಲೆ ಅದನ್ನು ರೂಪಕವೆಂದು ನೆನಪಿಟ್ಟುಕೊಳ್ಳುವವರು ಯಾರು? ನಮ್ಮ ಕಟ್ಟೆಯವರೂ ಇಡಲಿಲ್ಲ, ಸುದ್ದಿ ಬರೆದವರೂ ಇಡಲಿಲ್ಲ.

ಬಿಳಿ ಮಚ್ಚೆಯ ಕಥೆಯೂ ಒಂದು ಶಬ್ದದ ಕಥೆಯೇ. ಹಳೆಯ ವೈದ್ಯದಲ್ಲಿ 'ಕುಷ್ಠ' ಎಂಬುದು ಬಹು ಅಗಲವಾದ ಶಬ್ದ. ಅನೇಕ ಚರ್ಮರೋಗಗಳು ಆ ಕೊಡೆಯ ಕೆಳಗೆ ನಿಂತಿವೆ. ನಾವು ತೊನ್ನು ಎನ್ನುವ ಕಿಲಾಸವೂ ಅದರ ನೆರೆಯಲ್ಲಿಯೇ ಇದೆ. ಇವುಗಳ ಕಾರಣಗಳಲ್ಲಿ ವಿರುದ್ಧಾಹಾರವನ್ನೂ ಎಣಿಸಿದ್ದರಿಂದ, ತೊನ್ನು ಕಂಡಲ್ಲೆಲ್ಲ ಮೀನು ಹಾಲಿನ ಅಪವಾದ ಹುಟ್ಟಿತು. ಇಂದು ತಿಳಿದಿರುವಂತೆ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಾಗಿ ನಾಶಮಾಡುವುದರಿಂದ ತೊನ್ನು ಬರುತ್ತದೆ. ಅದು ಅಂಟುವುದೂ ಇಲ್ಲ, ಊಟದಿಂದ ಬರುವುದೂ ಇಲ್ಲ. ಹುಟ್ಟಿದಂದಿನಿಂದ ಮೀನನ್ನು ಮುಟ್ಟದ ಮನೆತನಗಳಲ್ಲಿಯೂ ಅದು ಕಾಣುತ್ತದೆ. ಕುಷ್ಠರೋಗದ ಮಾತು ಬೇರೆ. ಅದಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದನು. ಹಾಗಿದ್ದೂ ಜೊನಾಥನ್ ಹಚಿನ್‌ಸನ್ ಎಂಬ ಹೆಸರಾಂತ ಇಂಗ್ಲಿಷ್ ಶಸ್ತ್ರವೈದ್ಯ, ಸರಿಯಾಗಿ ಉಪ್ಪು ಹಾಕದೆ ಕೆಟ್ಟ ಮೀನನ್ನು ತಿನ್ನುವುದರಿಂದಲೇ ಕುಷ್ಠ ಬರುತ್ತದೆಂದು ಹಟ ಹಿಡಿದು, 1906ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದನು. ಇಂಥ ನಂಬಿಕೆ ನಮ್ಮ ಕಟ್ಟೆಗೆ ಮಾತ್ರ ಮೀಸಲಲ್ಲವೆಂದು ತೋರಿಸಲು ಇದನ್ನು ಹೇಳಿದೆ.

ಇನ್ನು ಹೊಟ್ಟೆಯೊಳಗೆ ನಿಜವಾಗಿ ನಡೆಯುವುದೇನು? ಹಾಲು ಜಠರಕ್ಕೆ ಹೋದೊಡನೆ ಅಲ್ಲಿಯ ಆಮ್ಲದಿಂದ ಒಡೆದು ಗರಣೆಗಟ್ಟುತ್ತದೆ. ಇದು ಪ್ರತಿಯೊಬ್ಬರಲ್ಲಿಯೂ, ಪ್ರತಿಸಲವೂ ಆಗುವ ಕ್ರಿಯೆ. ಮೀನು ತಿಂದದ್ದರಿಂದ ಹಾಲು ಒಡೆಯಿತು ಎನ್ನುವವರು, ಬರಿಯ ಹಾಲು ಕುಡಿದಾಗಲೂ ಅದು ಒಡೆಯುತ್ತದೆಂಬುದನ್ನು ಮರೆಯುತ್ತಾರೆ. ಒಡೆದ ಹಾಲಿನ ಪ್ರೋಟೀನನ್ನೂ ಮೀನಿನ ಪ್ರೋಟೀನನ್ನೂ ಒಂದೇ ಜೀರ್ಣರಸ ಕತ್ತರಿಸತೊಡಗುತ್ತದೆ. ಸಣ್ಣ ಕರುಳಿನಲ್ಲಿ ಆ ಕೆಲಸ ಮುಂದುವರಿದು, ಕೊನೆಗೆ ಅಮೈನೋ ಆಮ್ಲಗಳೆಂಬ ಚಿಕ್ಕ ತುಣುಕುಗಳು ಉಳಿಯುತ್ತವೆ. ರಕ್ತಕ್ಕೆ ಸೇರುವುದು ಹೆಚ್ಚಾಗಿ ಅವೇ. ಇದು ಹಾಲಿನಿಂದ ಬಂದದ್ದು, ಇದು ಮೀನಿನಿಂದ ಬಂದದ್ದು ಎಂಬ ಹಣೆಪಟ್ಟಿ ಅವಕ್ಕಿರುವುದಿಲ್ಲ. ಎರಡರ ಸಂಯೋಗದಿಂದ ಹೊಸದೊಂದು ವಿಷವಸ್ತು ಹುಟ್ಟುವುದು ಕಂಡುಬಂದಿಲ್ಲ. ಬಂಗಾಳದಲ್ಲಿ ಮೀನನ್ನು ಮೊಸರಿನಲ್ಲಿ ಬೇಯಿಸುತ್ತಾರೆ. ಮೊಸರು ಬೇರೆ, ಹಾಲು ಬೇರೆ ಎಂದು ಆಯುರ್ವೇದ ಬಲ್ಲವರು ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದದ್ದೇ. ಆದರೆ ಫಿನ್‌ಲೆಂಡಿನವರು ಮೀನಿನ ಸಾರಿಗೆ ಹಾಲನ್ನೇ, ಹಾಲಿನ ಕೆನೆಯನ್ನೇ ಸುರಿಯುತ್ತಾರೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಮೀನಿನ ಸಾರಿನ ಊಟವಾದರೆ, ಮೂರು ಗಂಟೆಗೆ ಹಾಲು ಹಾಕಿದ ಚಹಾ ಬರುತ್ತದೆ. ತುಂಬಿದ ಊಟ ಜಠರದಿಂದ ಪೂರ್ತಿ ಕೆಳಗಿಳಿಯಲು ಮೂರು ನಾಲ್ಕು ಗಂಟೆ ಬೇಕು. ಚಹಾದ ಹಾಲು ಮೀನನ್ನು ದಾರಿಯಲ್ಲಿಯೇ ಸಂಧಿಸುತ್ತದೆ. ಹಾಲು ಬೇಡವೆಂದು ವ್ರತ ಹಿಡಿದವರೂ ಚಹಾ ಬೇಡವೆಂದದ್ದನ್ನು ನಾನು ಕಂಡಿಲ್ಲ.

ಆದರೂ ಮೀನುಂಡು ಹಾಲು ಕುಡಿದವರು ಕೆಲವೊಮ್ಮೆ ಅಸ್ವಸ್ಥರಾಗುವುದು ಸುಳ್ಳಲ್ಲ. ಕತ್ತರಿಸಿಹೋದ ಭಾಗ ಆರಂಭವಾಗುತ್ತಿದ್ದದ್ದು ಇಲ್ಲಿಂದಲೇ. ಬಂಗುಡೆ, ಬೂತಾಯಿ, ಟ್ಯೂನಾ ಮುಂತಾದ ಕಡಲ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಮೀನು ಸತ್ತ ಮೇಲೆ ಅದನ್ನು ಮಂಜುಗಡ್ಡೆಯಲ್ಲಿಡದೆ ಬೆಚ್ಚಗಿನ ಜಾಗದಲ್ಲಿಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಬೆಳೆದು ಈ ಹಿಸ್ಟಿಡಿನ್ನನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಈ ಹಿಸ್ಟಮೀನ್ ಬಹಳ ಮೋಸದ ವಸ್ತು. ಒಮ್ಮೆ ಹುಟ್ಟಿತೆಂದರೆ ಎಷ್ಟು ಕುದಿಸಿದರೂ, ಎಷ್ಟು ಹುರಿದರೂ ಹೋಗುವುದಿಲ್ಲ. ಮತ್ತೆ ಮಂಜುಗಡ್ಡೆಯಲ್ಲಿಟ್ಟರೂ ಹೋಗುವುದಿಲ್ಲ. ಕೆಟ್ಟ ವಾಸನೆಯೂ ಯಾವಾಗಲೂ ಇರಬೇಕೆಂದಿಲ್ಲ. ಅಂಥ ಮೀನು ತಿಂದವರಿಗೆ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ, ಒಮ್ಮೊಮ್ಮೆ ತುಸು ತಡವಾಗಿ, ಮುಖ ಕೆಂಪಾಗುತ್ತದೆ, ಮೈ ತುರಿಸಿ ದದ್ದು ಏಳುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೆಲವರಿಗೆ ವಾಂತಿ ಭೇದಿಗಳೂ ಆಗುತ್ತವೆ. ತಿನ್ನುವಾಗಲೇ ನಾಲಗೆಗೆ ಮೆಣಸಿನಂಥ ಚುರುಕು ತಗಲಿತೆಂದು ಹೇಳುವವರೂ ಉಂಟು. ಸಾಮಾನ್ಯವಾಗಿ ಒಂದು ದಿನದೊಳಗೆ ಇದೆಲ್ಲ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ನೋಡಿ. ಮೈಯೆಲ್ಲ ದದ್ದೆದ್ದವನು ಮೀನಿನ ಮೇಲೆ ಹಾಲನ್ನೋ ಪಾಯಸವನ್ನೋ ಉಂಡಿದ್ದರೆ, ಅಪವಾದ ಬರುವುದು ಹಾಲಿನ ಮೇಲೆ. ಚರ್ಮದ ಮೇಲೆಯೇ ಲಕ್ಷಣ ಮೂಡಿದ್ದರಿಂದ ಹಳೆಯ ನಂಬಿಕೆಗೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ನಿಜವಾದ ಅಪರಾಧಿ ಕಾರವಾರದ ಕಡೆಯಿಂದ ಬರುವಾಗ ಮಂಜು ಕರಗಿಹೋದ ಬುಟ್ಟಿ. ಹಾಲಿನ ಮೇಲೆ ತಪ್ಪು ಹೊರಿಸಿದವರು ಮರುವಾರ ಹಾಲು ಬಿಟ್ಟು ಅದೇ ಬುಟ್ಟಿಯ ಮೀನನ್ನೇ ಕೊಂಡು ತರುತ್ತಾರೆ.

ಯಾವುದರಿಂದ ಆಯಿತೆಂದು ತಿಳಿಯುವ ಬಗೆ ಹೇಗೆ? ನನ್ನ ಸೊಸೆ, ಎಂದರೆ ಅಕ್ಕನ ಮಗಳು, ಒಂದು ಲೆಕ್ಕವನ್ನು ಬರೆದು ತೋರಿಸಿದ್ದಳು. ಅದೂ ಅಚ್ಚಾಗಲಿಲ್ಲ. ಒಂದು ಮನೆಯಲ್ಲಿ 12 ಜನ ಉಂಡರೆಂದು ಊಹಿಸಿಕೊಳ್ಳಿ. 5 ಜನ ಮೀನನ್ನೂ ಪಾಯಸವನ್ನೂ ಉಂಡರು. 3 ಜನ ಮೀನು ಮಾತ್ರ ಉಂಡರು. ಉಳಿದ 4 ಜನ ಪಾಯಸ ಮಾತ್ರ ಉಂಡರು. ಒಟ್ಟು 6 ಜನರಿಗೆ ಮೈ ತುರಿಸಿ ದದ್ದೆದ್ದಿತು. ಆ ಆರು ಜನರನ್ನಷ್ಟೇ ವಿಚಾರಿಸಿದರೆ ಅವರಲ್ಲಿ 4 ಜನ ಎರಡನ್ನೂ ಉಂಡವರು. ಸುದ್ದಿಗಾರರು ಇಲ್ಲಿಯೇ ಲೇಖನಿ ಕೆಳಗಿಟ್ಟು 'ಮೀನು ಹಾಲಿನ ವಿಷ' ಎಂದು ಬರೆದುಬಿಡುತ್ತಾರೆ. ಆಹಾರತಜ್ಞೆ ಇನ್ನೂ ಎರಡು ಪ್ರಶ್ನೆ ಕೇಳುತ್ತಾಳೆ. ಮೀನು ಮಾತ್ರ ಉಂಡ 3 ಜನರಲ್ಲಿ ಎಷ್ಟು ಮಂದಿಗೆ ಆಯಿತು? 2 ಮಂದಿಗೆ. ಪಾಯಸ ಮಾತ್ರ ಉಂಡ 4 ಜನರಲ್ಲಿ? ಒಬ್ಬರಿಗೂ ಇಲ್ಲ. ಹಾಲನ್ನು ಮುಟ್ಟದವರಿಗೂ ಆಗಿದೆ, ಮೀನನ್ನು ಮುಟ್ಟದವರಿಗೆ ಆಗಿಲ್ಲ. ಆಗ ಬೆರಳು ತೋರಿಸಬೇಕಾದದ್ದು ಮೀನಿನ ಕಡೆಗೆ. ಬೇನೆ ಬಿದ್ದವರನ್ನು ಮಾತ್ರವಲ್ಲ, ಬೇನೆ ಬೀಳದವರನ್ನೂ ಕೇಳಬೇಕೆಂಬುದೇ ಇದರ ಗುಟ್ಟು. ಹಸ್ತಪ್ರತಿಗಳ ಪಾಠಾಂತರ ನೋಡುವಾಗ ನಾವೂ ಮಾಡುವುದು ಇದನ್ನೇ. ತಪ್ಪಿರುವ ಪ್ರತಿಗಳನ್ನಷ್ಟೇ ನೋಡಿದರೆ ತಪ್ಪು ಎಲ್ಲಿ ಹೊಕ್ಕಿತೆಂದು ತಿಳಿಯುವುದಿಲ್ಲ.

ಎಲ್ಲ ತಪ್ಪೂ ಮೀನಿನದೇ ಎಂದೂ ಅಲ್ಲ. ಪಾಯಸವೋ ಬಾಸುಂದಿಯೋ ಬೆಚ್ಚಗೆ ಬಹಳ ಹೊತ್ತು ಇದ್ದರೆ ಅದರಲ್ಲಿಯೂ ಬ್ಯಾಕ್ಟೀರಿಯಾದ ವಿಷ ಹುಟ್ಟಬಹುದು. ಆಗ ಒಂದರಿಂದ ಆರು ಗಂಟೆಯೊಳಗೆ ವಾಂತಿ ಜೋರಾಗಿರುತ್ತದೆ, ತುರಿಕೆ ಇರುವುದಿಲ್ಲ. ಊಟ ಮಾಡಿದವರಲ್ಲಿ ಒಬ್ಬನಿಗೆ ಮಾತ್ರ ಹೊಟ್ಟೆ ಉಬ್ಬರಿಸಿ ಭೇದಿಯಾದರೆ, ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅವನಿಗೆ ಅರಗದಿರಬಹುದು. ನಮ್ಮಲ್ಲಿ ಬೆಳೆದವರಾದ ಬಹಳ ಜನಕ್ಕೆ ಹೀಗಾಗುತ್ತದೆ. ಅವರಿಗೆ ಮೀನಿಲ್ಲದ ದಿನವೂ ಒಂದು ತಂಬಿಗೆ ಹಾಲು ಹೀಗೆಯೇ ಮಾಡುತ್ತದೆ. ಒಬ್ಬನಿಗೆ ಮಾತ್ರ, ಅದೂ ಮೀನು ತಿಂದಾಗಲೆಲ್ಲ ದದ್ದೇಳುತ್ತಿದ್ದರೆ ಅದು ಮೀನಿನ ಅಲರ್ಜಿ. ಅಂಥವನು ಹಾಲಿದ್ದರೂ ಇಲ್ಲದಿದ್ದರೂ ಮೀನನ್ನು ತಿನ್ನಬಾರದು. ಅವನಿಗೆ ಈ ಪತ್ರ ಅಪ್ಪಣೆಚೀಟಿಯಲ್ಲ.

ಇಷ್ಟಕ್ಕೂ ಒಂದು ಲೋಟ ಹಾಲು ಬಿಟ್ಟರೆ ಗಂಟೇನು ಹೋಯಿತು ಎಂದು ಕೆಲವರು ಕೇಳಬಹುದು. ನಾನೂ ಅವಳನ್ನು ಅದನ್ನೇ ಕೇಳಿದೆ. ಅವಳು ಈ ಪತ್ರ ಬರೆಯಲು ಸುದ್ದಿ ಒಂದು ನೆಪವಷ್ಟೆ; ಕಾರಣ ಬೇರೆ ಇತ್ತು. ಹೊಳೆಯ ದಂಡೆಯ ಊರುಗಳಲ್ಲಿ ಅಂಬಿಗರ ಮನೆಗಳಿವೆ. ಅಲ್ಲಿ ಕಾಟ್ಲಾ, ರೋಹು ಮೀನು ವಾರದಲ್ಲಿ ಹಲವು ದಿನ ಬೇಯುತ್ತದೆ. ನಮ್ಮ ರಾಜ್ಯದ ಶಾಲೆ, ಅಂಗನವಾಡಿಗಳ ಮಕ್ಕಳಿಗೆ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾಯಿತು. ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು ಒಂದು ಮಗುವಿನ ಪಾಲು. ಒಬ್ಬ ತಾಯಿ ಅವಳಿಗೆ, "ರಾತ್ರಿ ಮೀನಾ ಉಂಡಿರ್ತಾವ್ರಿ, ಅದಕ್ಕ ಮುಂಜಾನಿ ಸಾಲ್ಯಾಗ ಹಾಲ ಕುಡೀಬ್ಯಾಡ ಅಂತ ಹೇಳಿ ಕಳಸ್ತೀನ್ರಿ" ಎಂದಳಂತೆ. ಹನ್ನೆರಡು ಗಂಟೆಯ ಅಂತರವೂ ಆ ತಾಯಿಯ ಭಯವನ್ನು ತೆಗೆದಿರಲಿಲ್ಲ. ಮಗುವಿಗೆ ತೊನ್ನು ಬಂದರೆ ನಾಳೆ ಮದುವೆ ಹೇಗೆ ಎಂಬ ಭಯ ಅದು. ಅದನ್ನು ನಗೆಯಾಡಿ ತಳ್ಳಲಾಗದು.

ಏಳೆಂಟು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಸುಣ್ಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು 170ರಿಂದ 180 ಮಿಲಿಗ್ರಾಂ ದೊರೆಯುತ್ತದೆ. ಎಂದರೆ ದಿನದ ಪಾಲಿನ ಕಾಲುಭಾಗಕ್ಕಿಂತ ಹೆಚ್ಚು. ಮೈಸೂರು ಸೀಮೆಯ ಮಗುವಾದರೆ ಹಾಲು ತಪ್ಪಿದರೂ ರಾಗಿಮುದ್ದೆ ಸ್ವಲ್ಪ ಕೈಹಿಡಿಯುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನ ಆಸುಪಾಸು ಸುಣ್ಣಾಂಶವಿದೆ. ನಮ್ಮ ಜೋಳದಲ್ಲಿ ಅಷ್ಟೇ ತೂಕಕ್ಕೆ ಸಿಗುವುದು 30 ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಜೋಳದ ರೊಟ್ಟಿಯ ಮೇಲೆ ನನಗಿರುವ ಅಭಿಮಾನ ದೊಡ್ಡದು. ಆದರೆ ಲೆಕ್ಕ ಲೆಕ್ಕವೇ. ದೊಡ್ಡ ಮೀನಿನ ಮುಳ್ಳು ತೆಗೆದು ತಿನ್ನುವುದರಿಂದ ಅದರಲ್ಲಿಯೂ ಸುಣ್ಣಾಂಶ ಹೆಚ್ಚಿಗೆ ದಕ್ಕುವುದಿಲ್ಲ. ಮುಳ್ಳುಸಹಿತ ತಿನ್ನುವ ಸಣ್ಣ ಮೀನಾದರೆ ಬೇರೆ ಮಾತು. ಹೀಗೆ ವಾರಕ್ಕೆ ಮೂರು ದಿನ ಮೀನುಂಡು ಮೂರು ದಿನ ಹಾಲು ಬಿಟ್ಟ ಮಗುವಿಗೆ, ಆಗದ ವಿಷದ ಭಯದಿಂದ ಆಗುವ ಕೊರತೆ ಲೆಕ್ಕಕ್ಕೆ ಸಿಗುವಂಥದು.

ಕೊನೆಗೆ ಪತ್ರದ ಮೊದಲ ವಾಕ್ಯವನ್ನು ನಾವಿಬ್ಬರೂ ಕೂಡಿ ಬದಲಾಯಿಸಿದೆವು. 'ಮೂಢನಂಬಿಕೆ' ಎಂಬುದನ್ನು ತೆಗೆದು, 'ಹಳೆಯ ವೈದ್ಯಗ್ರಂಥಗಳು ಅಪಥ್ಯವೆಂದದ್ದನ್ನು ನಾವು ವಿಷವೆಂದು ಓದಿಕೊಂಡಿದ್ದೇವೆ' ಎಂದು ಬರೆದೆವು. ಆಯುರ್ವೇದ ಚಿಕಿತ್ಸೆಯಲ್ಲಿರುವ ರೋಗಿಗೆ ಅವನ ವೈದ್ಯರು ಪಥ್ಯ ಹೇಳಿದ್ದರೆ ಅದನ್ನು ಅವರೊಡನೆಯೇ ಮಾತನಾಡಿಕೊಳ್ಳಬೇಕು ಎಂಬ ಒಂದು ಸಾಲನ್ನೂ ಸೇರಿಸಿದೆವು. ಮೀನು ಕೊಳ್ಳುವವರಿಗೆ ಅವಳು ಬರೆದಿದ್ದ ಸೂಚನೆ ಪತ್ರಿಕೆಯಲ್ಲಿ ಉಳಿಯಲಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಗುಳಿ ಕೂಡಲೆ ಮೇಲೇಳಬೇಕು. ಕಡಲ ಮೀನಾದರೆ ಇಷ್ಟು ಸಾಲದು. ಬುಟ್ಟಿಯೊಳಗೆ ಕೈಹಾಕಿ, ಅಡಿಯ ಮೀನಿನ ಸುತ್ತಲೂ ಮಂಜುಗಡ್ಡೆ ಉಳಿದಿದೆಯೇ ಎಂದು ನೋಡಬೇಕು. ಮೇಲಷ್ಟೇ ಮಂಜು ಹರಡಿ ಕೆಳಗೆ ನೀರು ನಿಂತಿದ್ದರೆ, ಮಾರುವವನು ಎಷ್ಟೇ ಆಣೆ ಮಾಡಲಿ, ಮುಂದಿನ ಬುಟ್ಟಿಗೆ ಹೋಗಬೇಕು.